ರಾಜೀನಾಮೆ ಪತ್ರ ಬರೆದಾಯ್ತು, ದೊಡ್ಡ ಪಾರ್ಟಿಗಳನ್ನ ಒಪ್ಪಿಸಿ ಬರೋದು ಹೇಗೆ?

ಹೆಬ್ಬಾಳದ ಬ್ಯಾರಲ್ · ಮಾರ್ಚ್ 24, ರಾತ್ರಿ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಕಾರ್ಖಾನೆಗಳಿಗೆ ಆಯಿಲ್, ಗ್ರೀಸ್ ಸರಬರಾಜು ಮಾಡೋ ಒಬ್ಬ ಡಿಸ್ಟ್ರಿಬ್ಯೂಟರ್ ಹತ್ತಿರ ಒಂಬತ್ತು ವರ್ಷದಿಂದ ಕೆಲಸ ಮಾಡ್ತಿದ್ದೀನಿ. ಕೊನೆಯ ನಾಲ್ಕು ವರ್ಷ ಸೇಲ್ಸ್ ಮ್ಯಾನೇಜರ್. ಏಪ್ರಿಲ್ 1ಕ್ಕೆ ರಾಜೀನಾಮೆ ಕೊಡ್ತೀನಿ. ನೋಟಿಸ್ 60 ದಿನ. ಯಜಮಾನರ ಜೊತೆ ಜಗಳ ಏನೂ ಇಲ್ಲ, ಬೇರೆ ಬ್ರ್ಯಾಂಡಿನ ಆಯಿಲ್ ಕಂಪನಿಯಲ್ಲಿ ಒಳ್ಳೆ ಕೆಲಸ ಸಿಕ್ಕಿದೆ, ಅಷ್ಟೆ.

ನನ್ನ ಕೈಯಲ್ಲಿರೋ ಮೂರು ದೊಡ್ಡ ಪಾರ್ಟಿಗಳದ್ದೇ ನನಗೆ ಚಿಂತೆ. ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆ, ನಂಜನಗೂಡಿನ ಒಂದು ಫ್ಯಾಕ್ಟರಿ, ಮಂಡ್ಯ ಪೇಟೆಯ ಒಬ್ಬ ಸಬ್ ಡೀಲರ್. ನಮ್ಮ ವ್ಯಾಪಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಮೂವರದ್ದೇ. ಇವರ ವಿಷಯದಲ್ಲಿ ಎಷ್ಟೋ ಮಾತು ನನ್ನ ತಲೆಯಲ್ಲಿದೆ, ಕಾಗದದಲ್ಲಿಲ್ಲ. ನಾನು ಬಿಟ್ಟ ಮೇಲೆ "ಅವನು ಏನೇನೋ ಒಪ್ಕೊಂಡು ಹೋದ" ಅನ್ನೋ ಮಾತು ಬರಬಾರದು.

ಯಜಮಾನರು ಕನ್ನಡದಲ್ಲೇ ಓದೋರು, ಅದಕ್ಕೆ ಹೀಗೆ ಬರೆದಿದ್ದೀನಿ. ತಿದ್ದಿಕೊಡಿ:

> ಮಾನ್ಯರೇ, ವೈಯಕ್ತಿಕ ಕಾರಣಗಳಿಂದ ನನ್ನ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಸಕ್ಕರೆ ಕಾರ್ಖಾನೆಯಿಂದ ಬರಬೇಕಾದ ರೂ. 18,40,000 ವಸೂಲಿಗೆ ಪೂರ್ತಿ ಪ್ರಯತ್ನ ಮಾಡುತ್ತೇನೆ. ಎಲ್ಲ ಪಾರ್ಟಿಗಳ ಹಸ್ತಾಂತರ ಮುಗಿದ ನಂತರ ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ.

ಕುವೆಂಪುನಗರ ಟು ಕೂರ್ಗಳ್ಳಿ · ಮಾರ್ಚ್ 24, ರಾತ್ರಿ

ಗುರೂ, ಅದೇ ಲೈನಿನ ಇನ್ನೊಂದು ಕಂಪನಿಗೆ ಹೋಗ್ತಿದ್ದೀಯಲ್ಲ, ನೇಮಕಾತಿ ಪತ್ರ ಒಂದ್ಸಲ ನೋಡ್ಕೋ. ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರೋ ಹಾಗಿಲ್ಲ ಅಂತ ಬರೆದಿದ್ರೆ ಮುಗೀತು, ಕೋರ್ಟಿಗೆ ಎಳೀತಾರೆ. ನನ್ನ ಸ್ನೇಹಿತನಿಗೆ ಹಾಗೇ ನೋಟಿಸ್ ಬಂದಿತ್ತು.

ಲೆಡ್ಜರ್ ಅಕ್ಕ · ಮಾರ್ಚ್ 25, ಬೆಳಿಗ್ಗೆ

ಹೆಬ್ಬಾಳದವರೇ, ಹದಿನೆಂಟು ವರ್ಷದಿಂದ ಟ್ರೇಡಿಂಗ್ ಕಂಪನಿಗಳ ಅಕೌಂಟ್ಸ್ ನೋಡ್ತಿದ್ದೀನಿ. ಸೇಲ್ಸ್‌ನವರು ಬಿಟ್ಟು ಹೋದ ಮೇಲೆ ಉಳಿಯೋ ಗಂಟು ಬಿಚ್ಚೋ ಕೆಲಸ ಪ್ರತಿ ಸಲ ನನ್ನ ಮೇಜಿಗೇ ಬರುತ್ತೆ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲು ಆ ಪತ್ರದ ಕೊನೆಯ ಸಾಲು ತೆಗೀರಿ. "ಹಸ್ತಾಂತರ ಮುಗಿದ ನಂತರ ಬಿಡುಗಡೆ" ಅಂತ ಬರೆದರೆ ನಿಮ್ಮ ಕೊನೆಯ ದಿನ ಯಾವುದು ಅಂತ ನೀವೇ ಹೇಳಿದ ಹಾಗಾಗಲಿಲ್ಲ. ಹಸ್ತಾಂತರ ಮುಗೀತು ಅಂತ ಯಾರು ಹೇಳಬೇಕು? ಅವರು. ಸಕ್ಕರೆ ಕಾರ್ಖಾನೆ ದುಡ್ಡು ಬರೋವರೆಗೂ ಮುಗಿದಿಲ್ಲ ಅಂತ ಅವರು ಅಂದರೆ ನಿಮ್ಮ ಪತ್ರವೇ ಅವರ ಕಡೆ ಸಾಕ್ಷಿ. ಏಪ್ರಿಲ್ 1ಕ್ಕೆ ಕೊಟ್ಟರೆ 60 ದಿನ ಮೇ 31ಕ್ಕೆ ತುಂಬುತ್ತೆ. ಆ ತಾರೀಖನ್ನ ಬರೀರಿ.

ಎರಡನೇದು, 18,40,000 ಅನ್ನೋ ಅಂಕಿ ರಾಜೀನಾಮೆ ಪತ್ರದಲ್ಲಿ ಬರಲೇಬಾರದು. ಆ ಪತ್ರ ನಿಮ್ಮ ಸಿಬ್ಬಂದಿ ಫೈಲಿನಲ್ಲಿ ಕೂರುತ್ತೆ. ಪಾರ್ಟಿ ಬಾಕಿಯನ್ನ ನೀವು ಮೈಮೇಲೆ ಹಾಕ್ಕೊಂಡ ಹಾಗೆ ನಾಳೆ ಯಾರಾದರೂ ಓದಬಹುದು. ಹೋಗ್ತೀನಿ ಅನ್ನೋದು ಒಂದು ಕಾಗದ, ಪಾರ್ಟಿಗಳನ್ನ ಹೀಗೆ ಒಪ್ಪಿಸ್ತೀನಿ ಅನ್ನೋದು ಇನ್ನೊಂದು ಕಾಗದ. ಎರಡನೇದಕ್ಕೆ ಪಾರ್ಟಿಗೆ ಒಂದು ಹಾಳೆ ಇರಲಿ.

ಈಗ ನಿಜವಾದ ಪ್ರಶ್ನೆ. ಆ 18,40,000 ನಿಮ್ಮ ಲೆಡ್ಜರಿನ ಅಂಕಿಯೋ, ಕಾರ್ಖಾನೆಯವರೂ ಒಪ್ಪಿಕೊಂಡ ಅಂಕಿಯೋ?

ಔಷಧಿ ಚೀಲ · ಮಾರ್ಚ್ 25, ಮಧ್ಯಾಹ್ನ

ಅಣ್ಣ, ನಾನು ಮಂಡ್ಯದಲ್ಲಿ ಮೆಡಿಕಲ್ ರೆಪ್ ಆಗಿದ್ದೆ. ಬಿಡೋವಾಗ ಡಾಕ್ಟರ್‌ಗಳ ಪಟ್ಟಿ, ಮೆಡಿಕಲ್ ಶಾಪ್ ಪಟ್ಟಿ ಎಲ್ಲಾ ಎಕ್ಸೆಲ್‌ನಲ್ಲಿ ಕೊಟ್ಟೆ. ಆದರೂ ಸ್ಟಾಕಿಸ್ಟ್ ಹತ್ತಿರ ಉಳಿದಿದ್ದ ಎಕ್ಸ್‌ಪೈರಿ ಮಾಲಿನ ದುಡ್ಡನ್ನ ನನ್ನ ಕೊನೆಯ ಲೆಕ್ಕದಲ್ಲಿ ಹಿಡ್ಕೊಂಡ್ರು. ವಾಪಸ್ ತಗೋತೀವಿ ಅಂತ ನಾನು ಬಾಯಲ್ಲಿ ಹೇಳಿದ್ದೆ, ಏರಿಯಾ ಮ್ಯಾನೇಜರೂ ಹೂಂ ಅಂದಿದ್ರು. ಆಮೇಲೆ ಅವರು ನನಗೆ ನೆನಪಿಲ್ಲ ಅಂದುಬಿಟ್ರು. ಎರಡು ತಿಂಗಳ ಸಂಬಳದಷ್ಟು ಹೋಯ್ತು. ನಿಮಗೆ ಅನುಭವ ಪತ್ರ ಬೇಕಾದ್ರೆ ಮೊದಲೇ ಇಸ್ಕೊಳ್ಳಿ, ಆಮೇಲೆ ಕೊಡಲ್ಲ.

ಹೆಬ್ಬಾಳದ ಬ್ಯಾರಲ್ · ಮಾರ್ಚ್ 25, ರಾತ್ರಿ

ಲೆಡ್ಜರ್ ಅಕ್ಕ, ನೀವು ಕೇಳಿದ್ದು ಸರಿಯಾದ ಜಾಗಕ್ಕೇ ಮುಟ್ಟಿತು. ಇವತ್ತು ಕಾರ್ಖಾನೆ ಅಕೌಂಟ್ಸ್‌ನವರಿಗೆ ಫೋನ್ ಮಾಡಿದೆ. ಅವರ ಪುಸ್ತಕದಲ್ಲಿ ನಮಗೆ ಕೊಡಬೇಕಾದ್ದು 16,52,000. ನಮ್ಮದಕ್ಕಿಂತ 1,88,000 ಕಮ್ಮಿ. ಔಷಧಿ ಚೀಲದವರ ಕಥೆ ಓದಿದ ಮೇಲೆ ಇನ್ನೂ ಭಯ ಆಗ್ತಿದೆ, ಯಾಕಂದ್ರೆ ಆ ವ್ಯತ್ಯಾಸದೊಳಗೆ ನಾನು ಬಾಯಲ್ಲಿ ಕೊಟ್ಟ ಮಾತೂ ಒಂದಿದೆ.

ಕಳೆದ ನವೆಂಬರ್‌ನಲ್ಲಿ ಕಂಪನಿ ರೇಟ್ ಏರಿಸಿತು. ಕಾರ್ಖಾನೆಗೆ ಮಾರ್ಚ್ ಕೊನೆವರೆಗೆ ಹಳೇ ರೇಟ್ ಅಂತ ಒಪ್ಪಂದ ಇತ್ತು. ಬಿಲ್ಲಿಂಗ್‌ನವರು ಹೊಸ ರೇಟಲ್ಲಿ ಬಿಲ್ ಹಾಕಿದ್ರು. ಕಾರ್ಖಾನೆಯವರು 67,000ಕ್ಕೆ ಡೆಬಿಟ್ ನೋಟ್ ಕಳಿಸಿದ್ರು. ನಾನು ಯಜಮಾನರಿಗೆ ಫೋನ್ ಮಾಡಿದಾಗ "ಸೀಸನ್ ಮುಗೀಲಿ, ನೋಡೋಣ, ಕೊಡೋಣ" ಅಂದ್ರು. ನಾನು ಹೋಗಿ ಪರ್ಚೇಸ್ ಆಫೀಸರ್‌ಗೆ "ಕ್ರೆಡಿಟ್ ನೋಟ್ ಕೊಡಿಸ್ತೀನಿ ಸಾರ್" ಅಂದೆ. ಇದು ಎಲ್ಲೂ ಬರವಣಿಗೆಯಲ್ಲಿಲ್ಲ.

ಲೆಡ್ಜರ್ ಅಕ್ಕ · ಮಾರ್ಚ್ 26, ಬೆಳಿಗ್ಗೆ

ಅದನ್ನೇ ಮೊದಲು ಬರವಣಿಗೆಗೆ ತನ್ನಿ, ಹಸ್ತಾಂತರದ ಹಾಳೆಗೂ ಕಾಯಬೇಡಿ. ಯಜಮಾನರಿಗೆ ಮೂರು ಸಾಲು ಮೇಲ್ ಹಾಕಿ. ಇಂಥ ತಿಂಗಳಲ್ಲಿ ಫೋನಿನಲ್ಲಿ ಮಾತಾಡಿದಂತೆ ರೇಟ್ ವ್ಯತ್ಯಾಸ 67,000 ಕೊಡೋಣ ಅಂದಿದ್ರಿ, ಅದನ್ನ ಪಾರ್ಟಿಗೆ ತಿಳಿಸಿದ್ದೀನಿ, ಕ್ರೆಡಿಟ್ ನೋಟ್ ಹಾಕಿಸಲೇ, ಬೇಡವೇ? ಇಷ್ಟೇ ಸಾಕು. ಒಪ್ಪಂದದ ಪ್ರತಿ, ಅವರ ಡೆಬಿಟ್ ನೋಟ್, ಹೊಸ ರೇಟಿನ ಬಿಲ್ಲುಗಳು ಜೊತೆಯಲ್ಲಿರಲಿ. ಯಜಮಾನರು ಇಲ್ಲ ಅಂದರೂ ಪರವಾಗಿಲ್ಲ. ಆ ಮಾತುಕತೆ ನೀವು ಅಲ್ಲೇ ಕೂತಿರುವಾಗ ನಡೆಯುತ್ತೆ. ನೀವು ಹೋದ ಮೇಲೆ ನಡೆದರೆ ನಿಮ್ಮ ಪರವಾಗಿ ಮಾತಾಡೋರು ಅಲ್ಲಿ ಯಾರೂ ಇರಲ್ಲ.

ಒಂದು ಗಡುವು ನೆನಪಿಡಿ. ಜಿಎಸ್‌ಟಿ ಸಮೇತ ಕ್ರೆಡಿಟ್ ನೋಟ್ ಹಾಕಿ ತೆರಿಗೆ ಕಮ್ಮಿ ಮಾಡ್ಕೋಬೇಕು ಅಂದರೆ, ಬಿಲ್ ಆದ ಆರ್ಥಿಕ ವರ್ಷ ಮುಗಿದ ಮೇಲೆ ಬರೋ ನವೆಂಬರ್ 30ರೊಳಗೆ ರಿಟರ್ನ್‌ನಲ್ಲಿ ತೋರಿಸಬೇಕು. ಅದು ದಾಟಿದರೆ ತೆರಿಗೆ ಭಾಗ ನಿಮ್ಮ ಕಂಪನಿಗೇ ನಷ್ಟ. ನಿಮ್ಮ ಜಾಗಕ್ಕೆ ಬರೋರಿಗೆ ಈ ತಾರೀಖು ಗೊತ್ತಿರಲ್ಲ, ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೀರಿ.

ಉಳಿದ 1,21,000 ಎಲ್ಲಿದೆ?

ಸಕ್ಕರೆ ಸ್ಟೋರು · ಮಾರ್ಚ್ 26, ಸಂಜೆ

ನಾನು ಬೇರೆ ಸಕ್ಕರೆ ಕಾರ್ಖಾನೆ ಸ್ಟೋರಿನಲ್ಲಿದ್ದು ರಿಟೈರ್ ಆದವನು, ಪಾಂಡವಪುರ ಕಡೆ. ಅಪ್ಪಾ, ವ್ಯತ್ಯಾಸದಲ್ಲಿ ಒಂದು ಪೂರ್ತಿ ಬಿಲ್ಲಿನಷ್ಟೇ ಮೊತ್ತ ಇದ್ದರೆ ಅದನ್ನ ಅಕೌಂಟ್ಸ್‌ನಲ್ಲಿ ಹುಡುಕಬೇಡ, ಸ್ಟೋರಿಗೆ ಹೋಗು. ಮಾಲು ಗೇಟ್ ಒಳಗೆ ಬಂದಿರುತ್ತೆ, ಗೇಟಿನ ಪುಸ್ತಕದಲ್ಲಿ ಲಾರಿ ನಂಬರ್ ಇರುತ್ತೆ, ಆದರೆ ಮಾಲು ಸೇರಿತು ಅಂತ ಸ್ಟೋರಿನವರು ಮಾಡೋ ಚೀಟಿ, ಜಿಆರ್‌ಎನ್, ಆಗಿರಲ್ಲ. ಆಯಿಲ್ ಬ್ಯಾರಲ್ ಜೊತೆ ಆ ಬ್ಯಾಚಿನ ಟೆಸ್ಟ್ ಸರ್ಟಿಫಿಕೇಟ್ ಬರದಿದ್ದರೆ ನಾವು ಶೆಡ್ಡಿನ ಮೂಲೆಗೆ ನಿಲ್ಲಿಸಿ ಬಿಡ್ತಿದ್ವಿ. ಸೀಸನ್‌ನಲ್ಲಿ ಅದನ್ನ ಕೇಳೋಕೆ ಯಾರಿಗೂ ಪುರುಸೊತ್ತಿಲ್ಲ. ಜಿಆರ್‌ಎನ್ ಆಗದೆ ಬಿಲ್ ಪಾಸಾಗಲ್ಲ, ಅಕೌಂಟ್ಸ್‌ನವರ ಪಾಲಿಗೆ ಆ ಬಿಲ್ಲೇ ಇಲ್ಲ.

ಇನ್ನೊಂದು ಮಾತು. ನೀನು ಬಿಡ್ತಿರೋ ಹೊತ್ತು ಮುಖ್ಯ. ನಮ್ಮ ಕಡೆ ಆಷಾಢದ ಹೊತ್ತಿಗೆ ಗಾಣ ಶುರು. ಏಪ್ರಿಲ್, ಮೇನಲ್ಲಿ ಮಿಲ್ಲು ಬಿಚ್ಚಿರ್ತಾರೆ, ರೋಲರ್, ಬೇರಿಂಗ್, ಗೇರ್‌ಬಾಕ್ಸ್ ಎಲ್ಲಾ ಓವರ್‌ಹಾಲ್. ಗೇರ್‌ಬಾಕ್ಸಿಗೆ ಹೊಸ ಆಯಿಲ್ ತುಂಬೋದು ಆಗಲೇ. ಆ ಆರ್ಡರ್ ಮಾತುಕತೆ ನಡೀತಿರುವಾಗ ನಿಮ್ಮ ಕಡೆ ಯಾರ ಹತ್ತಿರ ಮಾತಾಡಬೇಕು ಅಂತ ಎಂಜಿನಿಯರ್‌ಗೆ ಗೊತ್ತಿಲ್ಲದಿದ್ದರೆ ಇನ್ನೊಬ್ಬ ಸಪ್ಲೈಯರ್‌ನ ಕರೀತಾರೆ. ಅವರಿಗೆ ಬೇಗ ಹೇಳು.

ಕುವೆಂಪುನಗರ ಟು ಕೂರ್ಗಳ್ಳಿ · ಮಾರ್ಚ್ 26, ರಾತ್ರಿ

ಬೇಗ ಹೇಳೋದು ತಪ್ಪು ಅಂತ ನನಗನ್ಸುತ್ತೆ ಹಿರಿಯರೇ. ಯಜಮಾನರು ರಾಜೀನಾಮೆ ಒಪ್ಪೋ ಮುಂಚೆ ಪಾರ್ಟಿಗೆ ಗೊತ್ತಾದ್ರೆ, ಗಿರಾಕಿನ ಎಳ್ಕೊಂಡು ಹೋಗ್ತಿದ್ದಾನೆ ಅನ್ನೋ ಅನುಮಾನ ಬರುತ್ತೆ. ಅದೂ ಇವನು ಇನ್ನೊಂದು ಆಯಿಲ್ ಕಂಪನಿಗೇ ಹೋಗ್ತಿರೋನು.

ಬಾಕಿ ವಿಷಯಕ್ಕೆ ಒಂದು ಉಪಾಯ ಇದೆ. ಎಂಎಸ್‌ಎಂಇ 45 ದಿನದ ನಿಯಮ ಇದೆಯಲ್ಲ, ನಿಮ್ಮ ಕಂಪನಿ ಉದ್ಯಮ್ ನೋಂದಣಿ ಮಾಡಿಸಿದ್ರೆ ಕಾರ್ಖಾನೆಗೆ ಒಂದು ಪತ್ರ ಹಾಕಿ. 45 ದಿನದಲ್ಲಿ ಕೊಡದಿದ್ರೆ, ದುಡ್ಡು ಕೊಡೋ ವರ್ಷದವರೆಗೆ ಅವರಿಗೆ ಇನ್‌ಕಮ್ ಟ್ಯಾಕ್ಸ್‌ನಲ್ಲಿ ಆ ಖರ್ಚು ಒಪ್ಪಲ್ಲ. ದುಡ್ಡು ಓಡಿ ಬರುತ್ತೆ.

ಲೆಡ್ಜರ್ ಅಕ್ಕ · ಮಾರ್ಚ್ 27, ಬೆಳಿಗ್ಗೆ

ಕೂರ್ಗಳ್ಳಿಯವರೇ, ನಿಯಮ ನೀವು ಹೇಳಿದ ಹಾಗೇ ಇದೆ, ಆದರೆ ಇವರಿಗೆ ತಾಗಲ್ಲ. ಅದು ತಯಾರಿಸೋ ಅಥವಾ ಸೇವೆ ಕೊಡೋ ಸಣ್ಣ ಉದ್ಯಮಕ್ಕೆ. ಇವರದು ಕೊಂಡು ಮಾರೋ ವ್ಯಾಪಾರ. ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಸಿಗುತ್ತೆ, ಆದರೆ ಅದು ಬ್ಯಾಂಕಿನ ಆದ್ಯತಾ ಸಾಲದ ಮಟ್ಟಿಗೆ ಮಾತ್ರ. ಆ ಪತ್ರ ಹಾಕಿದರೆ ಕಾರ್ಖಾನೆಯ ಆಡಿಟರ್ ಒಂದೇ ಸಾಲಲ್ಲಿ ವಾಪಸ್ ಕಳಿಸ್ತಾರೆ.

ಎರಡು ವರ್ಷದ ಷರತ್ತಿನ ಬಗ್ಗೆಯೂ ಹೇಳ್ತೀನಿ, ನಾನು ವಕೀಲಳಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಮಿನಂತೆ, ಕೆಲಸ ಬಿಟ್ಟ ಮೇಲೆ ಬೇರೆ ಕಡೆ ದುಡಿಯೋದನ್ನ ತಡೆಯೋ ಷರತ್ತು ಸಾಮಾನ್ಯವಾಗಿ ನಿಲ್ಲಲ್ಲ. ಆದರೆ ರೇಟ್ ಪಟ್ಟಿ, ಪಾರ್ಟಿಗಳ ರಿಯಾಯಿತಿ ವಿವರ ಹೊತ್ಕೊಂಡು ಹೋಗೋದು ಬೇರೆ ವಿಷಯ, ಅಲ್ಲಿ ಸಿಕ್ಕಿಹಾಕ್ಕೋತೀರಿ. ಹಸ್ತಾಂತರದ ಹಾಳೆಗಳನ್ನ ಕಂಪನಿ ಕಂಪ್ಯೂಟರಿನಲ್ಲೇ ಮಾಡಿ, ಕಂಪನಿ ಮೇಲ್‌ನಿಂದಲೇ ಕಳಿಸಿ. ಸ್ವಂತ ಮೇಲ್‌ಗೆ ಪ್ರತಿ ಹಾಕ್ಕೋಬೇಡಿ. ನಿಮಗೆ ಬೇಕಿರೋದು ಯಜಮಾನರ ಸಹಿ ಇರೋ ಕೊನೆಯ ಸ್ವೀಕೃತಿ ಪುಟ ಒಂದೇ, ರೇಟುಗಳಲ್ಲ.

ಔಷಧಿ ಚೀಲ · ಮಾರ್ಚ್ 27, ಮಧ್ಯಾಹ್ನ

ಅಕ್ಕ, ಹಾಗಾದ್ರೆ ಬಾಕಿ ಬರಲಿಲ್ಲ ಅಂತ ಇವರ ಗ್ರಾಚ್ಯುಟಿ ಹಿಡ್ಕೋಬಹುದಾ? ನನಗೆ ಐದು ವರ್ಷ ಆಗಿರ್ಲಿಲ್ಲ, ಅದಕ್ಕೆ ಗೊತ್ತಿಲ್ಲ.

ಲೆಡ್ಜರ್ ಅಕ್ಕ · ಮಾರ್ಚ್ 27, ಮಧ್ಯಾಹ್ನ

ಪಾರ್ಟಿ ದುಡ್ಡು ಕೊಡಲಿಲ್ಲ ಅನ್ನೋ ಕಾರಣಕ್ಕೆ ಹಿಡಿಯೋ ಹಾಗಿಲ್ಲ ಪುಟ್ಟ. ಕಂಪನಿಯೇ ನೌಕರನ ತಪ್ಪಿಗೆ ಕೆಲಸದಿಂದ ತೆಗೆದಾಗ ಮಾತ್ರ ಆ ಪ್ರಶ್ನೆ ಬರುತ್ತೆ. ಇವರು ತಾವಾಗಿ ರಾಜೀನಾಮೆ ಕೊಡ್ತಿರೋರು, ಒಂಬತ್ತು ವರ್ಷ ಆಗಿದೆ. ಇನ್ಸೆಂಟಿವ್ ಮಾತ್ರ ಬೇರೆ. ಅದು ವಸೂಲಿಯಾದ ಮೇಲೆ ಕೊಡ್ತೀವಿ ಅಂತ ಕಂಪನಿ ನಿಯಮ ಇದ್ದರೆ ಅಲ್ಲಿ ಎಳೆದಾಟ ಆಗಬಹುದು.

ಹೆಬ್ಬಾಳದ ಬ್ಯಾರಲ್ · ಏಪ್ರಿಲ್ 5, ರಾತ್ರಿ

ಒಂದು ವಾರ ಬರೋಕಾಗಲಿಲ್ಲ. ಏಪ್ರಿಲ್ 1ಕ್ಕೆ ಪತ್ರ ಕೊಟ್ಟೆ, ಹೀಗೆ:

> ಮಾನ್ಯರೇ, ನಾನು ಸೇಲ್ಸ್ ಮ್ಯಾನೇಜರ್ ಹುದ್ದೆಗೆ ಇಂದು ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೇಮಕಾತಿ ಪತ್ರದ ಪ್ರಕಾರ 60 ದಿನಗಳ ನೋಟಿಸ್ ಅವಧಿ ಮುಗಿಯುವ ಮೇ 31 ನನ್ನ ಕೊನೆಯ ಕೆಲಸದ ದಿನ. ಮೂರು ಮುಖ್ಯ ಪಾರ್ಟಿಗಳ ಹಸ್ತಾಂತರ ಯೋಜನೆಯನ್ನು ಪ್ರತ್ಯೇಕವಾಗಿ ಕೊಟ್ಟಿದ್ದೇನೆ. ಅದನ್ನು ಯಾರಿಗೆ ಒಪ್ಪಿಸಬೇಕು ಎಂದು ಏಪ್ರಿಲ್ 10ರೊಳಗೆ ತಿಳಿಸಬೇಕಾಗಿ ವಿನಂತಿ. ಒಂಬತ್ತು ವರ್ಷ ನನ್ನ ಮೇಲೆ ಇಟ್ಟ ನಂಬಿಕೆಗೆ ಋಣಿಯಾಗಿದ್ದೇನೆ.

ಯಜಮಾನರು ಎರಡು ಸಲ ಓದಿದ್ರು. "ಎಲ್ಲಿಗೆ?" ಅಂದ್ರು. ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಪ್ರತಿ ಮೇಲೆ ಸಹಿ, ತಾರೀಖು ಹಾಕಿ ಕೊಟ್ಟರು. 67,000ದ ಮೇಲ್ ಮಾರ್ಚ್ 26ಕ್ಕೇ ಕಳಿಸಿದ್ದೆ, ಅದಕ್ಕೆ ಉತ್ತರ ಬಂದಿಲ್ಲ.

ಸಕ್ಕರೆ ಸ್ಟೋರಿನ ಹಿರಿಯರಿಗೆ ದೊಡ್ಡ ನಮಸ್ಕಾರ. ನೀವು ಹೇಳಿದ ಹಾಗೆ ಸೀದಾ ಸ್ಟೋರಿಗೆ ಹೋದೆ. ಶೆಡ್ಡಿನ ಹಿಂಭಾಗದಲ್ಲಿ, ತುಕ್ಕು ಹಿಡಿದ ಹಳೇ ಚೈನಿನ ರಾಶಿ ಪಕ್ಕ, ನಮ್ಮ ಎರಡು ಬ್ಯಾರಲ್ ಗೇರ್ ಆಯಿಲ್ ಸೀಲ್ ಒಡೆಯದೆ ನಿಂತಿದ್ವು. ಮುಚ್ಚಳದ ಮೇಲೆ ಬೂದಿ ಒಂದು ಬೆರಳು ದಪ್ಪ ಕೂತಿತ್ತು. ಒರೆಸಿ ಬ್ಯಾಚ್ ನಂಬರ್ ಬರ್ಕೊಂಡೆ. ಒಂದು ಬ್ಯಾರಲ್ 50,000, ಎರಡಕ್ಕೆ ಒಂದು ಲಕ್ಷ, 18% ಜಿಎಸ್‌ಟಿ ಸೇರಿ 1,18,000. ಕಂಪನಿ ಡಿಪೋದಿಂದ ಆ ಬ್ಯಾಚಿನ ಸರ್ಟಿಫಿಕೇಟ್ ತರಿಸಿ ಕೊಟ್ಟೆ, ಮರುದಿನವೇ ಜಿಆರ್‌ಎನ್ ಆಯ್ತು.

ಆದರೂ 3,000 ಉಳಿಯುತ್ತೆ. ಅದೇನು ಅಂತ ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಲೆಡ್ಜರ್ ಅಕ್ಕ · ಏಪ್ರಿಲ್ 6, ಬೆಳಿಗ್ಗೆ

ವರ್ಷಕ್ಕೆ ಅವರಿಗೆ ಎಷ್ಟು ಮಾಲು ಹಾಕ್ತೀರಿ? ಜಿಎಸ್‌ಟಿ ಬಿಟ್ಟು ಸುಮಾರು 80 ಲಕ್ಷ ಇದೆಯಾ? ಹಾಗಿದ್ದರೆ ಅದು ಟಿಡಿಎಸ್. ದೊಡ್ಡ ವಹಿವಾಟಿನ ಖರೀದಿದಾರರು ಒಬ್ಬ ಮಾರಾಟಗಾರನಿಂದ ವರ್ಷಕ್ಕೆ 50 ಲಕ್ಷ ಮೀರಿ ಕೊಂಡರೆ, ಮೀರಿದ ಭಾಗಕ್ಕೆ 0.1% ಹಿಡೀತಾರೆ. 30 ಲಕ್ಷಕ್ಕೆ 3,000. ತೆರಿಗೆ ಇಲಾಖೆಯಲ್ಲಿರೋ ನಿಮ್ಮ ಕಂಪನಿಯ 26ಎಎಸ್ ಪಟ್ಟಿಯಲ್ಲಿ ಕಾಣಿಸುತ್ತೆ, ನಿಮ್ಮವರು ಎಂಟ್ರಿ ಹಾಕಿಲ್ಲ ಅಷ್ಟೆ.

ಈಗ ಮೂರು ಸಾಲೂ ಬಿದ್ದವಲ್ಲ, ಮಾರ್ಚ್ 31ರ ಲೆಕ್ಕಕ್ಕೆ ಬ್ಯಾಲೆನ್ಸ್ ಕನ್ಫರ್ಮೇಶನ್ ತಗೊಳ್ಳಿ. ಏಪ್ರಿಲ್‌ನಲ್ಲಿ ಆಡಿಟ್‌ಗೆ ಎಲ್ಲರೂ ಕೇಳೋ ಕಾಗದವೇ ಅದು, ನೀವು ಬಿಡ್ತಿದ್ದೀರಿ ಅಂತ ಯಾರಿಗೂ ವಿಶೇಷವಾಗಿ ಕಾಣಲ್ಲ. ನಮ್ಮ ಪ್ರಕಾರ 18,40,000, ಅವರ ಪ್ರಕಾರ 16,52,000, ನಡುವಿನ ಮೂರು ಕಾರಣ ಕೆಳಗೆ, ಎರಡೂ ಕಡೆ ಸಹಿ ಮತ್ತು ಸೀಲು. ಇದೇ ನಿಮ್ಮ ಸಕ್ಕರೆ ಕಾರ್ಖಾನೆಯ ಹಾಳೆಯ ಮೊದಲ ಪುಟ. ನಂಜನಗೂಡು, ಮಂಡ್ಯದ್ದು ಹೇಗಿದೆ?

ಹೆಬ್ಬಾಳದ ಬ್ಯಾರಲ್ · ಏಪ್ರಿಲ್ 6, ರಾತ್ರಿ

80 ಲಕ್ಷಕ್ಕೆ ಸರಿಯಾಗಿ ಬರುತ್ತೆ ಅಕ್ಕ.

ಮಂಡ್ಯದ ಡೀಲರ್‌ದು ಸುಲಭ. ಭದ್ರತೆಗೆ ಅಂತ ಅವರು ಕೊಟ್ಟ ಸಹಿ ಮಾಡಿದ ಖಾಲಿ ಚೆಕ್ಕು ಎರಡು ನನ್ನ ಡ್ರಾಯರಿನಲ್ಲೇ ಇತ್ತು. ಚೆಕ್ ನಂಬರ್ ಬರೆದು ನಮ್ಮ ಅಕೌಂಟೆಂಟ್‌ಗೆ ಕೊಟ್ಟು ಸಹಿ ತಗೊಂಡೆ, ಡೀಲರ್‌ಗೂ ಹೇಳಿದೆ. ನಾಲ್ಕು ವರ್ಷ ಅವು ನನ್ನ ಹತ್ತಿರ ಇದ್ದದ್ದೇ ತಪ್ಪು ಅಂತ ಈಗ ಅನ್ನಿಸ್ತಿದೆ.

ನಂಜನಗೂಡು ಕಷ್ಟ. ಅವರ ವೆಂಡರ್ ಪೋರ್ಟಲ್‌ನಲ್ಲಿ ನನ್ನ ಸ್ವಂತ ಮೊಬೈಲ್ ನಂಬರ್ ಇದೆ. ಆರ್ಡರ್ ಒಪ್ಪಿಕೊಳ್ಳೋದಕ್ಕೂ ಬಿಲ್ ಏರಿಸೋದಕ್ಕೂ ಓಟಿಪಿ ನನಗೇ ಬರುತ್ತೆ. ಬದಲಾಯಿಸೋಕೆ ಕಂಪನಿ ಲೆಟರ್‌ಹೆಡ್‌ನಲ್ಲಿ ಅರ್ಜಿ ಬೇಕು, ಅವರ ಹೆಡ್ ಆಫೀಸ್ ಒಪ್ಪಬೇಕಂತೆ.

ಸಕ್ಕರೆ ಸ್ಟೋರು · ಏಪ್ರಿಲ್ 7, ಬೆಳಿಗ್ಗೆ

ಆ ಅರ್ಜಿ ಇವತ್ತೇ ಹಾಕಿಸು. ಸಿಮ್ ಕೊಟ್ಟು ಬರೋ ಯೋಚನೆ ಮಾಡಬೇಡ, ನಿನ್ನ ಬ್ಯಾಂಕು ಆಧಾರ್ ಎಲ್ಲಾ ಅದರಲ್ಲೇ ಇರುತ್ತೆ. ಎಂಜಿನಿಯರ್‌ಗೆ ಹೇಳಿದ್ಯಾ?

ಹೆಬ್ಬಾಳದ ಬ್ಯಾರಲ್ · ಏಪ್ರಿಲ್ 7, ಸಂಜೆ

ಇನ್ನೂ ಇಲ್ಲ. ಯಜಮಾನರು "ನಾನೇ ಹೇಳ್ತೀನಿ, ನೀನು ಸುಮ್ನಿರು" ಅಂದಿದ್ದಾರೆ. ಓವರ್‌ಹಾಲ್ ಶುರುವಾಗಿದೆ, ಎಂಜಿನಿಯರ್ ದಿನಾ ನನಗೇ ಫೋನ್ ಮಾಡ್ತಾರೆ. ಸುಳ್ಳು ಹೇಳ್ತಿರೋ ಹಾಗನ್ಸುತ್ತೆ.

ಕುವೆಂಪುನಗರ ಟು ಕೂರ್ಗಳ್ಳಿ · ಏಪ್ರಿಲ್ 7, ರಾತ್ರಿ

ಯಜಮಾನರು ಹೇಳಿದ ಮೇಲೆ ಮುಗೀತು ಗುರೂ, ಅವರ ಗಿರಾಕಿ, ಅವರಿಷ್ಟ. ಸುಮ್ನಿರು.

ಸಕ್ಕರೆ ಸ್ಟೋರು · ಏಪ್ರಿಲ್ 8, ಬೆಳಿಗ್ಗೆ

ನಾನು ಒಪ್ಪಲ್ಲ. ಮಿಲ್ಲು ನಿಂತರೆ ಕಬ್ಬಿನ ಗಾಡಿಗಳು ರಸ್ತೆಯಲ್ಲಿ ನಿಲ್ತವೆ, ರೈತ ಕಾಯ್ತಾನೆ. ಆ ಎಂಜಿನಿಯರ್‌ಗೆ ಯಾರನ್ನ ಕೇಳಬೇಕು ಅಂತ ಗೊತ್ತಿರಬೇಕು. ಯಜಮಾನರಿಗೆ ಒಂದು ತಾರೀಖು ಕೇಳು.

ಹೆಬ್ಬಾಳದ ಬ್ಯಾರಲ್ · ಏಪ್ರಿಲ್ 22, ರಾತ್ರಿ

ಹೊಸಬರನ್ನ ನೇಮಿಸಿದ್ದಾರೆ, ಹುಣಸೂರಿನ ಹುಡುಗ. ತಾರೀಖು ಕೇಳಿದ್ದಕ್ಕೆ ಯಜಮಾನರು 20ನೇ ತಾರೀಖು ಅಂದ್ರು, ಮೂವರೂ ಸೇರಿ ಕಾರ್ಖಾನೆಗೆ ಹೋದ್ವಿ. ಎಂಜಿನಿಯರ್ ಎರಡು ವಾರ ಮೊದಲೇ ಯಾಕೆ ಹೇಳಲಿಲ್ಲ ಅಂತ ನನ್ನ ಮೇಲೆ ಬೇಜಾರಾದ್ರು. ಗೇರ್‌ಬಾಕ್ಸ್ ಆಯಿಲ್ ಆರ್ಡರ್ ಮಾತ್ರ ನಮಗೇ ಉಳೀತು.

ಪರ್ಚೇಸ್ ಆಫೀಸರ್ ಯಜಮಾನರ ಎದುರಿಗೇ 67,000ದ ಮಾತು ಎತ್ತಿದ್ರು. ಯಜಮಾನರು ನನ್ನ ಕಡೆ ನೋಡಿದ್ರು, ನಾನು ಮೇಲ್‌ನ ಪ್ರತಿ ತೆಗೆದು ಮೇಜಿನ ಮೇಲೆ ಇಟ್ಟೆ. "ಹೌದು, ನಾನೇ ಅಂದಿದ್ದೆ" ಅಂದ್ರು. ಪೂರ್ತಿ ಅಲ್ಲ, ಡಿಸೆಂಬರ್‌ವರೆಗಿನ ಬಿಲ್ಲಿಗೆ ಮಾತ್ರ ಕೊಡ್ತೀವಿ ಅಂತಿದ್ದಾರೆ. ಕಾರ್ಖಾನೆಯವರು ಒಪ್ಪಿಲ್ಲ. ಅದು ಈಗ ಅವರಿಬ್ಬರ ಮಧ್ಯೆ ಇದೆ, ಹಾಳೆಯಲ್ಲಿ ಹಾಗೇ ಬರೆದಿದ್ದೀನಿ. ಬ್ಯಾಲೆನ್ಸ್ ಪತ್ರಕ್ಕೆ ಸೀಲು ಬಿತ್ತು.

ನಂಜನಗೂಡಿನ ಪೋರ್ಟಲ್ ಮಾತ್ರ ಇನ್ನೂ ನನ್ನ ನಂಬರಿನಲ್ಲೇ ಇದೆ. ಇವತ್ತೂ ಊಟದ ಹೊತ್ತಿಗೆ ಓಟಿಪಿ ಬಂತು, ಹುಣಸೂರಿನ ಹುಡುಗನಿಗೆ ಫೋನ್ ಮಾಡಿ ಓದಿ ಹೇಳಿದೆ.